ಹಳೆ ಕಂಪನಿ ಎರಡು ಸಾಲಿನ ಎಕ್ಸ್‌ಪೀರಿಯನ್ಸ್ ಲೆಟರ್ ಕೊಡುತ್ತೇವೆ ಅಂತಿದೆ, ಜರ್ಮನಿ ವೀಸಾಕ್ಕೆ ಸಾಕಾ?

ಹಾವೇರಿ ಮಂಜು · 4 ಆಗಸ್ಟ್ 2025, ರಾತ್ರಿ 10:12

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಕ್ಷಮಿಸಿ.

ನನ್ನದು ಡಿಪ್ಲೊಮಾ ಕಂಪ್ಯೂಟರ್ ಸೈನ್ಸ್. ಬಿಇಗೆ ಲ್ಯಾಟರಲ್ ಸೇರಿ ಅರ್ಧಕ್ಕೆ ಬಿಟ್ಟೆ. ಜೂನ್ 2021ರಿಂದ ಆಗಸ್ಟ್ 2024ರವರೆಗೆ ಬೆಂಗಳೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿದ್ದೆ. ಗೋದಾಮುಗಳ ಬಿಲ್ಲಿಂಗ್ ಸಾಫ್ಟ್‌ವೇರ್, ಜಾವಾ, ಡೇಟಾಬೇಸ್ ಕೆಲಸ. ಸೆಪ್ಟೆಂಬರ್ 2024ರಿಂದ ಬೇರೆ ಕಂಪನಿಯಲ್ಲಿ ಅದೇ ಥರದ ಕೆಲಸ ಮಾಡುತ್ತಿದ್ದೇನೆ. ಈಗ ಹ್ಯಾನೋವರ್‌ನ ಒಂದು ಕಂಪನಿಯಿಂದ ಆಫರ್ ಬಂದಿದೆ, ವರ್ಷಕ್ಕೆ 48,000 ಯೂರೋ. ಪದವಿ ಇಲ್ಲದ್ದರಿಂದ ಅನುಭವದ ಮೇಲೆ ವೀಸಾ ಆಗಬೇಕು, ಹಳೆ ಕಂಪನಿಯ ಪತ್ರಗಳನ್ನು ತನ್ನಿ ಎಂದು ಅವರು ಹೇಳಿದ್ದಾರೆ.

ಸಮಸ್ಯೆ ಇಷ್ಟು. ಹಳೆ ಕಂಪನಿ ಬಿಡುವಾಗ 60 ದಿನ ನೋಟಿಸ್ ಇತ್ತು. ಅಪ್ಪನಿಗೆ ಆಪರೇಷನ್ ಇತ್ತು, 30 ದಿನ ಮಾತ್ರ ಮಾಡಿ ಹೊರಟೆ. ಆವತ್ತು ರಿಲೀವಿಂಗ್ ಲೆಟರ್ ಕೊಡಲಿಲ್ಲ. ಈಗ ಕೇಳಿದರೆ ಎಚ್‌ಆರ್ ಹೇಳುವುದು: "44,840 ರೂಪಾಯಿ ಕಟ್ಟಿ, ರಿಲೀವಿಂಗ್ ಲೆಟರ್ ಕೊಡುತ್ತೇವೆ. ಎಕ್ಸ್‌ಪೀರಿಯನ್ಸ್ ಲೆಟರ್ ಅಂದರೆ ನಮ್ಮ ಫಾರ್ಮ್ಯಾಟ್ ಇಷ್ಟೇ." ಆ ಫಾರ್ಮ್ಯಾಟ್‌ನಲ್ಲಿ ಎರಡೇ ಸಾಲು. ಇಂಥವರು ಇಂಥ ದಿನದಿಂದ ಇಂಥ ದಿನದವರೆಗೆ "ಅಸೋಸಿಯೇಟ್ – ಆಪರೇಷನ್ಸ್" ಆಗಿ ಕೆಲಸ ಮಾಡಿದ್ದಾರೆ, ಅವರಿಗೆ ಶುಭವಾಗಲಿ. ಆಪರೇಷನ್ಸ್ ಅಂತೆ! ಮೂರು ವರ್ಷ ಕೋಡ್ ಬರೆದಿದ್ದೇನೆ.

ದುಡ್ಡು ಕಟ್ಟಿಬಿಡಲಾ? ಕಟ್ಟಿದರೂ ಆ ಎರಡು ಸಾಲು ಸಾಕಾಗುತ್ತಾ?

ಗಿರಿ 2003 · 4 ಆಗಸ್ಟ್, ರಾತ್ರಿ 10:31

ಡಿಪ್ಲೊಮಾನ ವಿದೇಶಿ ಓದನ್ನು ತೂಗಿ ನೋಡುವ ಜರ್ಮನಿಯವರ ಝಡ್‌ಎಬಿ ಕಚೇರಿಗೆ ಕಳಿಸಿ ಸರ್ಟಿಫಿಕೇಟ್ ತರಿಸಿಕೊಳ್ಳಿ ಬ್ರೋ, ನಮ್ಮ ಕಸಿನ್ ಹಾಗೇ ಮಾಡಿದ್ದು. 208 ಯೂರೋ. ಲೆಟರ್ ಗೋಳೇ ಇರಲ್ಲ.

ಲೈಪ್‌ಜಿಗ್ ಲೋಕೇಶ · 4 ಆಗಸ್ಟ್, ರಾತ್ರಿ 11:05

ಗಿರಿ, ನಿಮ್ಮ ಕಸಿನ್ ಬಿಇ ಅಥವಾ ಎಂಸಿಎ ಮಾಡಿರಬೇಕು. ಅಲ್ಲಿ ಪದವಿಯನ್ನು ಹೋಲಿಸಿ ನೋಡುತ್ತಾರೆ. ಮಂಜು ಅವರ ಹತ್ತಿರ ಪದವಿಯೇ ಇಲ್ಲ, ಹಾಗಾಗಿ ಆ ದಾರಿ ಅವರಿಗಲ್ಲ.

ಮಂಜು, ನಿಮಗೆ ಎರಡು ದಾರಿ ಇದೆ. ಐಟಿ ಕೆಲಸಗಾರರಿಗೆ ಪದವಿ ಇಲ್ಲದೆಯೂ ಬ್ಲೂ ಕಾರ್ಡ್ ಎನ್ನುವ ಕೆಲಸದ ಪರವಾನಗಿ ಸಿಗುತ್ತದೆ. ಅದಕ್ಕೆ ಕಳೆದ 7 ವರ್ಷಗಳಲ್ಲಿ ಕನಿಷ್ಠ 3 ವರ್ಷ ಅನುಭವ ಬೇಕು, ಅದೂ ಪದವೀಧರ ಮಾಡುವ ಮಟ್ಟದ ಕೆಲಸದ ಅನುಭವ. ಸಂಬಳದ ಮಿತಿ 2025ರಲ್ಲಿ 43,759.80 ಯೂರೋ, ನೀವು ದಾಟಿದ್ದೀರಿ. ಇನ್ನೊಂದು, ಅನುಭವ ಇರುವ ಐಟಿಯವರಿಗೆ ಇರುವ ಕೆಲಸದ ವೀಸಾ. ಅದಕ್ಕೆ ಕಳೆದ 5 ವರ್ಷಗಳಲ್ಲಿ 2 ವರ್ಷ ಸಾಕು. ಮೊದಲು 3 ಇತ್ತು, 2024ರ ಮಾರ್ಚ್‌ನಿಂದ 2 ಆಯಿತು.

ಎರಡಕ್ಕೂ ನಿಮ್ಮ ಈಗಿನ ಕಂಪನಿಯ 11 ತಿಂಗಳು ಸಾಲದು. ಹಳೆಯದು ಬೇಕೇ ಬೇಕು. ಮತ್ತೆ ಆ ಎರಡು ಸಾಲಿನ ಪತ್ರದಲ್ಲಿ ನೀವು ಐಟಿ ಕೆಲಸ ಮಾಡಿದ್ದೀರಿ ಎನ್ನುವ ಒಂದು ಪದವೂ ಇಲ್ಲ. "ಆಪರೇಷನ್ಸ್" ಅಂದರೆ ಫೈಲ್ ನೋಡುವವರು ಗೋದಾಮಿನಲ್ಲಿ ಡಬ್ಬ ಎಣಿಸುತ್ತಿದ್ದರೇನೋ ಅಂದುಕೊಂಡರೆ ತಪ್ಪಿಲ್ಲ.

ಕಾನೂನು ಕಿಟ್ಟಿ · 5 ಆಗಸ್ಟ್, ಬೆಳಿಗ್ಗೆ 7:20

ಒಂದು ರೂಪಾಯಿಯೂ ಕಟ್ಟಬೇಡಿ. ಸರ್ವಿಸ್ ಸರ್ಟಿಫಿಕೇಟ್ ಕೊಡಲೇಬೇಕು ಎಂದು ಕಾನೂನೇ ಇದೆ, ಕೆಲಸದ ಷರತ್ತುಗಳ ನಿಯಮಾವಳಿ ಸ್ಟ್ಯಾಂಡಿಂಗ್ ಆರ್ಡರ್ಸ್‌ನಲ್ಲಿ ಬರೆದಿದೆ. ವಕೀಲರಿಂದ ಒಂದು ನೋಟಿಸ್ ಬಿಡಿ, ಮರುದಿನವೇ ಓಡಿಬಂದು ಕೊಡುತ್ತಾರೆ.

ಸುಮಾ, ಬಸವನಗುಡಿ · 5 ಆಗಸ್ಟ್, ಬೆಳಿಗ್ಗೆ 9:48

ನಾನು 19 ವರ್ಷ ಎಚ್‌ಆರ್‌ನಲ್ಲಿದ್ದವಳು, ಈಗ ಬಿಟ್ಟಿದ್ದೇನೆ. ಇಂಥ ಪತ್ರಗಳನ್ನು ನೂರಾರು ಕೊಟ್ಟಿದ್ದೇನೆ. ಕೆಲವನ್ನು ತಡೆಹಿಡಿದದ್ದೂ ಇದೆ, ಸುಳ್ಳು ಯಾಕೆ ಹೇಳಲಿ.

ಕಿಟ್ಟಿಯವರು ಹೇಳಿದ್ದು ಅರ್ಧ ಸರಿ. ಮಾದರಿ ಸ್ಟ್ಯಾಂಡಿಂಗ್ ಆರ್ಡರ್ಸ್‌ನಲ್ಲಿ ಆ ಮಾತು ಇದೆ. ಆದರೆ ಅದು ಕಾಯಂ ಕಾರ್ಮಿಕರನ್ನು ಕೆಲಸದಿಂದ ತೆಗೆದಾಗ ಅಥವಾ ಅವರು ನಿವೃತ್ತರಾದಾಗ ಕೊಡುವ ಸರ್ಟಿಫಿಕೇಟ್‌ನ ಮಾತು. ಮಂಜು ರಾಜೀನಾಮೆ ಕೊಟ್ಟವರು. ಅದಕ್ಕಿಂತ ಮುಖ್ಯವಾಗಿ, ಕರ್ನಾಟಕದಲ್ಲಿ ಐಟಿ ಕಂಪನಿಗಳಿಗೆ ಆ ಕಾಯ್ದೆಯಿಂದ 2014ರಿಂದ ವಿನಾಯಿತಿ ಇದೆ. 2024ರಲ್ಲಿ ಮತ್ತೆ ಐದು ವರ್ಷಕ್ಕೆ ಮುಂದುವರಿಸಿದರು. ಆ ಸೆಕ್ಷನ್ ಹಿಡಿದು ನೋಟಿಸ್ ಕೊಟ್ಟರೆ ಕಂಪನಿಯ ವಕೀಲರು ಇದೇ ಉತ್ತರ ಬರೆಯುತ್ತಾರೆ. ಅಷ್ಟರಲ್ಲಿ ಎರಡು ತಿಂಗಳು ಹೋಗಿರುತ್ತದೆ.

ಮಂಜು, ನೀವು ಮಾಡಿರುವ ತಪ್ಪು ಒಂದೇ. ಎರಡು ಪತ್ರಗಳನ್ನೂ ಒಂದೇ ಉಸಿರಿನಲ್ಲಿ ಕೇಳಿದ್ದೀರಿ. ಅವು ಬೇರೆ ಬೇರೆ. ರಿಲೀವಿಂಗ್ ಲೆಟರ್ ಅಂದರೆ "ನಮಗೂ ಇವರಿಗೂ ಲೆಕ್ಕ ಮುಗಿದಿದೆ, ಇವರನ್ನು ಬಿಟ್ಟುಕೊಟ್ಟಿದ್ದೇವೆ" ಎನ್ನುವ ಮಾತು. ಲೆಕ್ಕ ಬಾಕಿ ಇದ್ದಾಗ ಕಂಪನಿ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಅದಕ್ಕೆ ಅವರದ್ದೂ ಒಂದು ನ್ಯಾಯ ಇದೆ. ಎಕ್ಸ್‌ಪೀರಿಯನ್ಸ್ ಲೆಟರ್ ಅಂದರೆ ನೀವು ಇಂಥ ಕೆಲಸ ಮಾಡಿದ್ದೀರಿ ಎನ್ನುವ ಸಂಗತಿ. ದುಡ್ಡು ಬಾಕಿ ಇದೆ ಎಂದು ಮಾಡಿದ ಕೆಲಸ ಮಾಡಿಲ್ಲ ಅಂತ ಆಗುತ್ತಾ? ವೀಸಾದವರಿಗೆ ಬೇಕಾಗಿರುವುದು ಎರಡನೆಯದು. ರಿಲೀವಿಂಗ್ ಲೆಟರನ್ನು ಹುಡುಕುವವರು ಇಲ್ಲಿನ ಬ್ಯಾಕ್‌ಗ್ರೌಂಡ್ ಚೆಕ್‌ನವರು.

ಲೋಕೇಶ್, ಜರ್ಮನ್ ಕಾನ್ಸುಲೇಟ್ ರಿಲೀವಿಂಗ್ ಲೆಟರ್ ಕೇಳುತ್ತದಾ? ನಿಮ್ಮ ಅನುಭವ ಏನು?

ಲೈಪ್‌ಜಿಗ್ ಲೋಕೇಶ · 5 ಆಗಸ್ಟ್, ಮಧ್ಯಾಹ್ನ 1:15

ನನಗೆ ಕೇಳಲಿಲ್ಲ ಮೇಡಂ. ಇಲ್ಲಿಯವರಿಗೆ ಆ ಪದವೇ ಗೊತ್ತಿಲ್ಲ. ಇಲ್ಲಿ ಕೆಲಸ ಬಿಡುವಾಗ ಮಾಡಿದ ಕೆಲಸದ ವಿವರ ಇರುವ ಪ್ರಮಾಣಪತ್ರ ಪಡೆಯುವುದು ನೌಕರನ ಹಕ್ಕು, ಕಾನೂನಿನಲ್ಲೇ ಇದೆ. ಎರಡು ಪುಟ ಇರುತ್ತದೆ. ಕೊನೆಗೆ ಗುಣ ನಡತೆ ಬಗ್ಗೆಯೂ ಬರೆಯುತ್ತಾರೆ. ಅದಕ್ಕೊಂದು ಗುಟ್ಟಿನ ಭಾಷೆ ಬೇರೆ: "ಸದಾ ನಮ್ಮ ಸಂಪೂರ್ಣ ತೃಪ್ತಿಗೆ ಕೆಲಸ ಮಾಡಿದರು" ಅಂದರೆ ಭೇಷ್, ಬರೀ "ತೃಪ್ತಿಗೆ" ಅಂದರೆ ಜಸ್ಟ್ ಪಾಸ್. ಹಾಗಾಗಿ ನಮ್ಮ ಎರಡು ಸಾಲಿನ ಪತ್ರ ನೋಡಿದರೆ ಇವರಿಗೆ ಏನೋ ಮುಚ್ಚಿಡುತ್ತಿದ್ದಾರೆ ಅನ್ನಿಸುತ್ತದೆ. ನನ್ನ ಮೊದಲ ಟೀಮ್ ಲೀಡ್ ನನ್ನ ಪತ್ರ ತಿರುಗಿಸಿ ಹಿಂದೆ ನೋಡಿದ್ದ, ಮುಂದಿನ ಪುಟ ಎಲ್ಲಿ ಅಂತ.

ಕಾರ್ಕಳದ ರೀಟಾ · 5 ಆಗಸ್ಟ್, ಸಂಜೆ 4:40

ನಾನು ನರ್ಸ್, ಈಗ ಮಸ್ಕತ್‌ನಲ್ಲಿದ್ದೇನೆ. ನಮ್ಮದು ಇನ್ನೂ ಕಷ್ಟ. ಮಂಗಳೂರು ಕಡೆಯ ಆಸ್ಪತ್ರೆಯಿಂದ ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟ್ ಚೆನ್ನಾಗಿಯೇ ಸಿಕ್ಕಿತ್ತು, ಸೀಲ್, ಸಹಿ ಎಲ್ಲ ಇತ್ತು. ಆದರೆ ದಾಖಲೆ ಪರಿಶೀಲಿಸುವ ಡೇಟಾಫ್ಲೋ ಕಂಪನಿಯವರು ನೇರ ಆಸ್ಪತ್ರೆಗೇ ಇಮೇಲ್ ಹಾಕಿ "ಇದು ನೀವೇ ಕೊಟ್ಟಿದ್ದಾ" ಎಂದು ಕೇಳುತ್ತಾರೆ. ಆಸ್ಪತ್ರೆಯಲ್ಲಿ ಆ ಮೇಲ್ ಯಾರೂ ತೆರೆಯಲೇ ಇಲ್ಲ. ಸಹಿ ಮಾಡಿದ ನರ್ಸಿಂಗ್ ಸೂಪರಿಂಟೆಂಡೆಂಟ್ ನಿವೃತ್ತರಾಗಿದ್ದರು. ಕೊನೆಗೆ ನಮ್ಮ ತಮ್ಮ ಎರಡು ದಿನ ಆಫೀಸಿನ ಬಾಗಿಲಲ್ಲಿ ಕೂತು ಉತ್ತರ ಹಾಕಿಸಿದ.

ನಿಮಗೂ ಪತ್ರ ಅಟೆಸ್ಟೇಷನ್ ಮಾಡಿಸಬೇಕಲ್ಲ, ದೆಹಲಿಗೆ ಕಳಿಸಬೇಕು, ತಡ ಮಾಡಬೇಡಿ.

ಲೈಪ್‌ಜಿಗ್ ಲೋಕೇಶ · 5 ಆಗಸ್ಟ್, ಸಂಜೆ 5:02

ರೀಟಾ ಅಕ್ಕ, ಆ ಅಟೆಸ್ಟೇಷನ್ ಗಲ್ಫ್ ಕಡೆಯದ್ದು. ನಾನು ಎಕ್ಸ್‌ಪೀರಿಯನ್ಸ್ ಲೆಟರ್‌ಗೆ ಅದನ್ನೆಲ್ಲ ಮಾಡಿಸಿಲ್ಲ. ಆದರೆ ಮೇಲ್ ಬಗ್ಗೆ ನೀವು ಹೇಳಿದ್ದು ಇಲ್ಲಿಗೂ ಸಲ್ಲುತ್ತದೆ. ಪತ್ರದಲ್ಲಿ ಕಂಪನಿಯ ಸ್ವಂತ ಡೊಮೇನ್‌ನ ಇಮೇಲ್, ಎತ್ತಿ ಮಾತಾಡುವ ಫೋನ್ ನಂಬರ್ ಇರಲಿ ಮಂಜು. ಜಿಮೇಲ್ ಬೇಡ.

ಗಿರಿ 2003 · 5 ಆಗಸ್ಟ್, ರಾತ್ರಿ 9:10

ಇಷ್ಟೆಲ್ಲಾ ಯಾಕೆ? ಹಳೆ ಲೆಟರ್‌ಹೆಡ್ ಸಾಫ್ಟ್ ಕಾಪಿ ಇರುತ್ತೆ ಅಲ್ವಾ. ಸೀಲ್ ಮಾಡಿಸೋಕೆ 150 ರೂಪಾಯಿ. 😅

ಸುಮಾ, ಬಸವನಗುಡಿ · 5 ಆಗಸ್ಟ್, ರಾತ್ರಿ 9:33

ತಮಾಷೆಗೆ ಅಂದಿದ್ದರೆ ಸರಿ. ನಿಜವಾಗಿ ಯೋಚಿಸುವವರಿಗಾಗಿ ಹೇಳುತ್ತೇನೆ. ಒಮ್ಮೆ ಒಂದು ಏಜೆನ್ಸಿ ನನಗೇ ಫೋನ್ ಮಾಡಿ ಒಂದು ಪತ್ರ ಓದಿ ಹೇಳಿತು. ಕೆಳಗೆ ನನ್ನದೇ ಹೆಸರು, ನನ್ನದೇ ಸಹಿ ಅಂತೆ. ನಾನು ಆ ಪತ್ರ ಕೊಟ್ಟೇ ಇರಲಿಲ್ಲ. ಆ ಹುಡುಗ ಒಳ್ಳೆ ಕೆಲಸಗಾರ, ಕೇಳಿದ್ದರೆ ನಿಜವಾದದ್ದನ್ನೇ ಕೊಡುತ್ತಿದ್ದೆ. "ಇಲ್ಲ" ಎಂದು ಹೇಳದೆ ನನಗೆ ಬೇರೆ ದಾರಿ ಇರಲಿಲ್ಲ.

ಪೀಣ್ಯ ಪಾಟೀಲ · 6 ಆಗಸ್ಟ್, ಬೆಳಿಗ್ಗೆ 6:55

ನಾನು ಎದುರು ಕಡೆಯವನು. 22 ಜನರ ಸಣ್ಣ ಫ್ಯಾಕ್ಟರಿ ಇದೆ. ಪತ್ರದಲ್ಲಿ ಜಾಸ್ತಿ ಬರೆಯಲು ನಾವು ಯಾಕೆ ಹಿಂಜರಿಯುತ್ತೇವೆ ಅಂತ ಹೇಳುತ್ತೇನೆ. ಒಬ್ಬ ಹುಡುಗ ಲೋನ್‌ಗೆ ಬೇಕು ಎಂದ ಅಂತ "ಶಿಫ್ಟ್ ಇನ್‌ಚಾರ್ಜ್" ಎಂದು ಬರೆದುಕೊಟ್ಟೆ. ಆಮೇಲೆ ಅದೇ ಪತ್ರ ಹಿಡಿದು ಇನ್‌ಚಾರ್ಜ್ ಸಂಬಳ ಕೊಡಿ ಎಂದು ಜಗಳಕ್ಕೆ ಬಂದ. ಆಗಿನಿಂದ ನಾನೂ ಎರಡೇ ಸಾಲು.

ಇನ್ನೊಂದು ಕಾರಣ ಬರೀ ಸೋಮಾರಿತನ. ನೀವು ಏನು ಕೆಲಸ ಮಾಡುತ್ತಿದ್ದಿರಿ ಎಂದು ಎಚ್‌ಆರ್ ಹುಡುಗಿಗೆ ಏನು ಗೊತ್ತು ಹೇಳಿ? ನೀವೇ ಬರೆದು ಕೊಡಿ. ನಿಮ್ಮ ಹಳೆ ಮ್ಯಾನೇಜರ್ "ಹೌದು, ಇದು ಸರಿ" ಎಂದು ಒಂದು ಮೇಲ್ ಹಾಕಲಿ. ಆಮೇಲೆ ಎಚ್‌ಆರ್‌ಗೆ ಸಹಿ ಹಾಕುವುದಕ್ಕೆ ಧೈರ್ಯ ಬರುತ್ತದೆ. ಆದರೆ ಉಬ್ಬಿಸಿ ಬರೆಯಬೇಡಿ. ಮೊದಲನೇ ಸಾಲಿನಲ್ಲೇ "ತಂಡ ಮುನ್ನಡೆಸಿದರು" ಅಂತ ಇದ್ದರೆ ನಾನಂತೂ ಹಾಳೆ ವಾಪಸ್ ಕೊಡುತ್ತೇನೆ.

ಹಾವೇರಿ ಮಂಜು · 6 ಆಗಸ್ಟ್, ರಾತ್ರಿ 8:20

ಎಲ್ಲರಿಗೂ ಧನ್ಯವಾದ. ಹಳೆ ಮ್ಯಾನೇಜರ್ ಇನ್ನೂ ಅಲ್ಲೇ ಇದ್ದಾರೆ, ಒಳ್ಳೆಯವರು. ಬರೆದುಕೊಡು, ಮೇಲ್ ಹಾಕುತ್ತೇನೆ ಎಂದಿದ್ದಾರೆ. "ಅಸೋಸಿಯೇಟ್ – ಆಪರೇಷನ್ಸ್" ತೆಗೆದು "ಸಾಫ್ಟ್‌ವೇರ್ ಇಂಜಿನಿಯರ್" ಎಂದು ಹಾಕಿಸಿಕೊಳ್ಳಲಾ? ಜೊತೆಗೆ ಮೊದಲ ಹತ್ತು ತಿಂಗಳು ನಾನು ಟ್ರೈನೀ. ಅದು ಲೆಕ್ಕಕ್ಕೆ ಬರುತ್ತಾ?

ಸುಮಾ, ಬಸವನಗುಡಿ · 7 ಆಗಸ್ಟ್, ಬೆಳಿಗ್ಗೆ 10:05

ಹುದ್ದೆಯ ಹೆಸರು ಬದಲಾಯಿಸಬೇಡಿ. ನಿಮ್ಮ ಪೇ ಸ್ಲಿಪ್, ಆಫರ್ ಲೆಟರ್ ಎಲ್ಲದರಲ್ಲೂ ಆಪರೇಷನ್ಸ್ ಎಂದಿದ್ದು ಇದೊಂದರಲ್ಲಿ ಮಾತ್ರ ಇಂಜಿನಿಯರ್ ಎಂದಿದ್ದರೆ, ನಿಜವಾದ ಪತ್ರವೇ ಸುಳ್ಳಿನ ಹಾಗೆ ಕಾಣುತ್ತದೆ. ಹುದ್ದೆ ಇದ್ದ ಹಾಗೆ ಇರಲಿ, ಪಕ್ಕದಲ್ಲೇ ಒಂದು ವಾಕ್ಯ ಬರಲಿ: "ಕಂಪನಿಯ ದರ್ಜೆಯ ಪಟ್ಟಿಯಲ್ಲಿ ಇವರ ಹುದ್ದೆಯ ಹೆಸರು ಇದಾಗಿದ್ದು, ಇವರು ಪೂರ್ಣಾವಧಿ ಸಾಫ್ಟ್‌ವೇರ್ ಡೆವಲಪರ್ ಆಗಿ ಕೆಲಸ ಮಾಡಿದ್ದಾರೆ." ಎಚ್‌ಆರ್‌ಗೂ ಇದಕ್ಕೆ ಸಹಿ ಹಾಕಲು ಕಷ್ಟ ಇಲ್ಲ, ಯಾಕೆಂದರೆ ಅದು ನಿಜ.

ಟ್ರೈನೀ ಅವಧಿಯನ್ನು ಬೇರೆ ಮಾಡಿ ತೋರಿಸಿ. ಜೂನ್ 2021ರಿಂದ ಮಾರ್ಚ್ 2022 ಟ್ರೈನೀ, ಏಪ್ರಿಲ್ 2022ರಿಂದ ಆಗಸ್ಟ್ 2024 ಡೆವಲಪರ್, ಹೀಗೆ. ಎರಡನೆಯದು 29 ತಿಂಗಳು ಆಯಿತು. ಈಗಿನ ಕಂಪನಿಯ 11 ಸೇರಿಸಿದರೆ 40. ಬ್ಲೂ ಕಾರ್ಡ್‌ಗೆ 36 ಸಾಕಲ್ಲ? ಹಾಗಿದ್ದರೆ ಟ್ರೈನೀ ತಿಂಗಳುಗಳ ಬಗ್ಗೆ ವಾದವೇ ಬೇಡ. ಎಲ್ಲ ಸೇರಿಸಿ ಬರೆದರೆ ಮಾತ್ರ ಅನುಮಾನ, ಯಾವುದು ಕಲಿಕೆ ಯಾವುದು ಕೆಲಸ ಎಂದು.

ಲೈಪ್‌ಜಿಗ್ ಲೋಕೇಶ · 7 ಆಗಸ್ಟ್, ಮಧ್ಯಾಹ್ನ 12:30

ಲೆಕ್ಕ ಸರಿ ಇದೆ. ನನ್ನ ಪ್ರಕಾರ ಟ್ರೈನೀ ಅವಧಿಯಲ್ಲಿ ನಿಜವಾದ ಕೋಡ್ ಬರೆದಿದ್ದರೆ ಅದೂ ಅನುಭವವೇ. ಆದರೆ ಪದವಿ ಮಟ್ಟದ್ದು ಎಂದು ಒಪ್ಪುತ್ತಾರಾ ಎನ್ನುವುದು ನೋಡುವವರ ಮೇಲೆ. ಇಲ್ಲಿ ಜರ್ಮನಿಯ ಉದ್ಯೋಗ ಇಲಾಖೆಯ ಒಪ್ಪಿಗೆಯೂ ಬೇಕಾಗುತ್ತದೆ, ಬರೀ ಕಾನ್ಸುಲೇಟ್ ಅಲ್ಲ.

ಆ "ಮಟ್ಟ"ವೇ ಇಲ್ಲಿ ಮುಖ್ಯ. ಓದುವವರು ಪ್ರೋಗ್ರಾಮರ್ ಅಲ್ಲ. "ಜಾವಾ, ಸ್ಪ್ರಿಂಗ್, ಡಾಕರ್" ಎಂದು ಪಟ್ಟಿ ಹಾಕಿದರೆ ಅವರಿಗೆ ಏನೂ ಹೇಳಿದ ಹಾಗಾಗುವುದಿಲ್ಲ. ಏನನ್ನು ನೀವೇ ಯೋಚಿಸಿ ಕಟ್ಟಿದಿರಿ ಎನ್ನುವುದು ಕಾಣಬೇಕು. ನೀವು ಬರೆದ ಡ್ರಾಫ್ಟ್ ಇಲ್ಲಿ ಹಾಕಿ, ಕಂಪನಿ ಹೆಸರು ತೆಗೆದು.

ಹಾವೇರಿ ಮಂಜು · 7 ಆಗಸ್ಟ್, ರಾತ್ರಿ 9:55

ಮೊದಲು ಬರೆದದ್ದು ಹೀಗಿತ್ತು: "ಜಾವಾ ಮತ್ತು ಡೇಟಾಬೇಸ್ ಕೆಲಸ, ಬಗ್ ಫಿಕ್ಸಿಂಗ್, ಕ್ಲೈಂಟ್ ಸಪೋರ್ಟ್, ಮೇಲಿನವರು ಹೇಳಿದ ಇತರ ಕೆಲಸಗಳು."

ಲೋಕೇಶಣ್ಣ ಹೇಳಿದ ಮೇಲೆ ಹೀಗೆ ತಿದ್ದಿದೆ:

> ಗೋದಾಮಿನ ಬಿಲ್ಲಿಂಗ್ ಸಾಫ್ಟ್‌ವೇರ್‌ನ ಸರ್ವರ್ ಭಾಗವನ್ನು ಜಾವಾದಲ್ಲಿ ಬರೆದು, ನಡೆಸಿಕೊಂಡು ಬಂದರು. ಬಾಡಿಗೆ ಮತ್ತು ದಾಸ್ತಾನಿನ ಲೆಕ್ಕಕ್ಕೆ ಬೇಕಾದ ಡೇಟಾಬೇಸ್ ರಚನೆಯನ್ನು ಸ್ವತಂತ್ರವಾಗಿ ರೂಪಿಸಿದರು. ಗ್ರಾಹಕರ ಬೇಡಿಕೆಯನ್ನು ಕೇಳಿ, ಅದನ್ನು ತಾಂತ್ರಿಕ ವಿವರಣೆಯಾಗಿ ಬರೆಯುತ್ತಿದ್ದರು. 2023ರಿಂದ ಇಬ್ಬರು ಹೊಸಬರ ಕೋಡ್ ಪರಿಶೀಲಿಸುತ್ತಿದ್ದರು. ವಾರಕ್ಕೆ 45 ಗಂಟೆ, ಪೂರ್ಣಾವಧಿ ಕೆಲಸ.

ಪೀಣ್ಯ ಪಾಟೀಲ · 8 ಆಗಸ್ಟ್, ಬೆಳಿಗ್ಗೆ 6:40

ಇದಕ್ಕೆ ನಾನೂ ಸಹಿ ಹಾಕುತ್ತೇನೆ. ಎಲ್ಲೂ ಬೂಸಿ ಇಲ್ಲ. "ಮೇಲಿನವರು ಹೇಳಿದ ಇತರ ಕೆಲಸಗಳು" ತೆಗೆದದ್ದು ಒಳ್ಳೆಯದಾಯಿತು, ಟೀ ತರುವುದೂ ಅದರಲ್ಲೇ ಬರುತ್ತದೆ.

ಲೈಪ್‌ಜಿಗ್ ಲೋಕೇಶ · 8 ಆಗಸ್ಟ್, ಮಧ್ಯಾಹ್ನ 1:00

ಚೆನ್ನಾಗಿದೆ. ಹ್ಯಾನೋವರ್ ಕಂಪನಿ ಒಂದು ಫಾರಂ ತುಂಬಿ ಕೊಡುತ್ತದೆ, ಅದರಲ್ಲಿ ನೀವು ಅಲ್ಲಿ ಮಾಡಲಿರುವ ಕೆಲಸದ ವಿವರ ಇರುತ್ತದೆ. ಅದನ್ನು ಮೊದಲೇ ತರಿಸಿ ಓದಿ. ಎರಡೂ ಒಂದೇ ಜಾತಿಯ ಕೆಲಸ ಎಂದು ಯಾರಿಗಾದರೂ ಕಾಣಬೇಕು. ಅವರ ವಾಕ್ಯಗಳನ್ನೇ ಎತ್ತಿ ಹಾಕಬೇಡಿ ಮಾತ್ರ.

ಸುಮಾ, ಬಸವನಗುಡಿ · 8 ಆಗಸ್ಟ್, ಮಧ್ಯಾಹ್ನ 3:25

ಈಗ ದುಡ್ಡಿನ ವಿಷಯ. 44,840 ಎಲ್ಲಿಂದ ಬಂತು? ಫುಲ್ ಅಂಡ್ ಫೈನಲ್ ಲೆಕ್ಕದ ಹಾಳೆ ಕೊಟ್ಟಿದ್ದಾರಾ? ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿ ನೋಟಿಸ್ ಬಗ್ಗೆ ಬರೆದ ವಾಕ್ಯವನ್ನು ಇದ್ದ ಹಾಗೇ ಹೇಳಿ.

ಹಾವೇರಿ ಮಂಜು · 8 ಆಗಸ್ಟ್, ರಾತ್ರಿ 8:02

ಹಾಳೆ ಕೊಟ್ಟಿಲ್ಲ ಮೇಡಂ, ಫೋನ್‌ನಲ್ಲಿ ಹೇಳಿದರು. ಒಂದು ತಿಂಗಳ ಸಂಬಳ 38,000, ಅದರ ಮೇಲೆ ಶೇ. 18 ಜಿಎಸ್‌ಟಿ 6,840 ಅಂತೆ. ಲೆಟರ್‌ನಲ್ಲಿ "ಉಳಿದ ದಿನಗಳ ಮೂಲ ವೇತನ" ಎಂದಿದೆ. ನನ್ನ ಮೂಲ ವೇತನ 17,500. ಒಂಬತ್ತು ದಿನ ರಜೆ ಬಾಕಿ ಇತ್ತು.

ಮತ್ತೆ ಇನ್ನೊಂದು, ಆಗಸ್ಟ್ ತಿಂಗಳ ಸಂಬಳ ಅವರು ಹಾಕೇ ಇಲ್ಲ. ಆಗ ಅಪ್ಪನ ಗಡಿಬಿಡಿಯಲ್ಲಿ ಕೇಳಲಿಲ್ಲ.

ಪೀಣ್ಯ ಪಾಟೀಲ · 8 ಆಗಸ್ಟ್, ರಾತ್ರಿ 8:09

ಅಯ್ಯೋ ಮಹಾರಾಯ, ಇದನ್ನು ಮೊದಲೇ ಹೇಳಬಾರದಾ!

ಸುಮಾ, ಬಸವನಗುಡಿ · 8 ಆಗಸ್ಟ್, ರಾತ್ರಿ 8:41

ಒಂದೊಂದಾಗಿ ನೋಡೋಣ. ನೋಟಿಸ್ ಬದಲಿಗೆ ವಸೂಲು ಮಾಡುವ ದುಡ್ಡಿನ ಮೇಲೆ ಜಿಎಸ್‌ಟಿ ಇಲ್ಲ. 2022ರ ಆಗಸ್ಟ್ 3ರಂದು ಕೇಂದ್ರದ ಪರೋಕ್ಷ ತೆರಿಗೆ ಮಂಡಳಿ ಸುತ್ತೋಲೆಯಲ್ಲೇ ಸ್ಪಷ್ಟ ಮಾಡಿದೆ, ಅದರ ಸಂಖ್ಯೆ 178. ಹಾಗಾಗಿ 6,840 ಬಿಟ್ಟು ಹೋಯಿತು. ನಿಮ್ಮ ಒಪ್ಪಂದ ಮೂಲ ವೇತನದ್ದು, ಪೂರ್ತಿ ಸಂಬಳದ್ದಲ್ಲ. ಹಾಗಾಗಿ ನೀವು ಕೊಡಬೇಕಾದದ್ದು 17,500.

ಅವರು ನಿಮಗೆ ಕೊಡಬೇಕಾದದ್ದು ಆಗಸ್ಟ್ ಸಂಬಳ 38,000. ರಜೆಯ ದುಡ್ಡು ಮೂಲ ವೇತನದ ಮೇಲೆ ಹಾಕಿದರೆ 9 ದಿನಕ್ಕೆ 5,250. ಒಟ್ಟು 43,250. ನಿಮ್ಮ 17,500 ಕಳೆದರೆ, ಪಿಎಫ್ ಮುಂತಾದ ಕಡಿತ ಬಿಟ್ಟು, ಅವರೇ ನಿಮಗೆ 25,750 ಕೊಡಬೇಕು. ನೀವು ಬಾಕಿದಾರ ಅಲ್ಲ, ಅವರು.

ಇನ್ನೊಂದು ಕೆಲಸ ಮಾಡಿ. ಪಿಎಫ್ ವೆಬ್‌ಸೈಟ್‌ನಲ್ಲಿ ನಿಮ್ಮ ಸರ್ವಿಸ್ ಹಿಸ್ಟರಿ ತೆರೆದು, ಕೆಲಸ ಬಿಟ್ಟ ದಿನ ಏನು ಹಾಕಿದ್ದಾರೆ ನೋಡಿ. ಸಂಬಳ ಹಾಕಿಲ್ಲ ಅಂದರೆ ಆ ತಿಂಗಳ ಪಿಎಫ್ ಕೂಡ ಕಟ್ಟಿರುವುದಿಲ್ಲ ಎಂದು ನನ್ನ ಅನುಮಾನ.

ಹಾವೇರಿ ಮಂಜು · 8 ಆಗಸ್ಟ್, ರಾತ್ರಿ 9:15

ನೋಡಿದೆ. 31 ಜುಲೈ 2024 ಎಂದಿದೆ. ನಾನು ಬಿಟ್ಟದ್ದು 30 ಆಗಸ್ಟ್.

ಕಾನೂನು ಕಿಟ್ಟಿ · 8 ಆಗಸ್ಟ್, ರಾತ್ರಿ 9:22

ಇದಕ್ಕಂತೂ ನೋಟಿಸ್ ಕೊಡಲೇಬೇಕು. ಸಂಬಳ ಹಿಡಿದದ್ದಕ್ಕೆ ಕಾರ್ಮಿಕ ಇಲಾಖೆಗೆ ದೂರು ಹಾಕಿ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಿ. 25,750 ಬಿಡಬೇಡಿ.

ಸುಮಾ, ಬಸವನಗುಡಿ · 8 ಆಗಸ್ಟ್, ರಾತ್ರಿ 9:50

ಈ ಸಲ ಕಿಟ್ಟಿಯವರ ಮಾತಿನಲ್ಲಿ ಹುರುಳಿದೆ. ದೂರು ಕೊಡುವ ಹಕ್ಕು ಇದೆ. ಆದರೆ ಮೊದಲು ಪತ್ರ ಕೈಗೆ ಬರಲಿ, ಸಂಬಳದ ಮಾತು ಆಮೇಲೆ. ಅದೂ ಒಂದೇ ಮೇಲ್‌ನಲ್ಲಿ ಬೇಡ. ಎರಡು ಬೇರೆ ಮೇಲ್, ಎರಡು ಬೇರೆ ವಿಷಯ. ಮೊದಲ ಮೇಲ್ ಹೀಗಿರಲಿ, ಇಂಗ್ಲಿಷ್‌ಗೆ ನೀವೇ ತಿರುಗಿಸಿಕೊಳ್ಳಿ:

> ನಮಸ್ಕಾರ. ನಾನು 14 ಜೂನ್ 2021ರಿಂದ 30 ಆಗಸ್ಟ್ 2024ರವರೆಗೆ ನಿಮ್ಮಲ್ಲಿ ಕೆಲಸ ಮಾಡಿದ್ದೇನೆ. ನನ್ನ ಎಂಪ್ಲಾಯಿ ನಂಬರ್ ಇದು. ಜರ್ಮನಿಯ ಕೆಲಸದ ವೀಸಾಕ್ಕೆ, ನಾನು ಮಾಡಿದ ಕೆಲಸದ ವಿವರ ಇರುವ ಅನುಭವ ಪತ್ರ ಬೇಕಾಗಿದೆ. ಕರಡನ್ನು ಲಗತ್ತಿಸಿದ್ದೇನೆ. ಅದರಲ್ಲಿನ ಕೆಲಸದ ವಿವರವನ್ನು ನನ್ನ ಮ್ಯಾನೇಜರ್ ಓದಿ ಒಪ್ಪಿದ್ದಾರೆ, ಅವರಿಗೂ ಈ ಮೇಲ್ ಹೋಗಿದೆ. ತಪ್ಪಿದ್ದರೆ ತಿದ್ದಿ. ಈ ಪತ್ರಕ್ಕೂ ನೋಟಿಸ್ ಅವಧಿಯ ಲೆಕ್ಕಕ್ಕೂ ಸಂಬಂಧ ಇಲ್ಲ; ಆ ಲೆಕ್ಕವನ್ನು ಬೇರೆಯಾಗಿ ಮುಗಿಸೋಣ. ಆಗಸ್ಟ್ 20ರೊಳಗೆ ಸಿಕ್ಕರೆ ಉಪಕಾರವಾಗುತ್ತದೆ.

ಹೆದರಿಸುವ ಮಾತು ಒಂದೂ ಬೇಡ. ಎರಡನೇ ಮೇಲ್ ಎರಡು ದಿನ ಬಿಟ್ಟು ಹಾಕಿ. ಅದರಲ್ಲಿ ಲೆಕ್ಕದ ಹಾಳೆ ಮಾತ್ರ ಕೇಳಿ, ಬೇರೆ ಏನೂ ಇಲ್ಲ. ಹಾಳೆ ಬರೆಯಲು ಕೂತಾಗ ಅವರಿಗೇ ಆಗಸ್ಟ್ ಸಂಬಳ ಕಾಣುತ್ತದೆ.

ಪೀಣ್ಯ ಪಾಟೀಲ · 9 ಆಗಸ್ಟ್, ಬೆಳಿಗ್ಗೆ 7:05

ನಾನಾಗಿದ್ದರೆ ಇಷ್ಟು ಸುತ್ತು ಹಾಕುತ್ತಿರಲಿಲ್ಲ. ಮಾಲೀಕರ ಹತ್ತಿರ ನೇರ ಹೋಗಿ "ಸರ್, ನೀವೂ ಕೊಡಬೇಡಿ, ನಾನೂ ಕೊಡಲ್ಲ, ಎರಡು ಪತ್ರ ಕೊಡಿ" ಎನ್ನುತ್ತಿದ್ದೆ. 25,000 ಹೋಯಿತು ಅನ್ನಿ. 48,000 ಯೂರೋ ಕೆಲಸದ ಮುಂದೆ ಅದೇನು ಲೆಕ್ಕ.

ಕಾನೂನು ಕಿಟ್ಟಿ · 9 ಆಗಸ್ಟ್, ಬೆಳಿಗ್ಗೆ 8:30

ಹೀಗೆ ಎಲ್ಲರೂ ಬಿಟ್ಟುಕೊಟ್ಟೇ ಅವರು ಹೀಗೆ ಮಾಡುವುದು.

ಕಾರ್ಕಳದ ರೀಟಾ · 9 ಆಗಸ್ಟ್, ಬೆಳಿಗ್ಗೆ 11:12

ಒಂದು ವೇಳೆ ಪತ್ರ ಕೊಡದೇ ಹೋದರೆ? ನಮ್ಮಲ್ಲಿ ಕೊಡದಿದ್ದರೆ ಅಷ್ಟೇ, ಮುಗಿಯಿತು.

ಲೈಪ್‌ಜಿಗ್ ಲೋಕೇಶ · 9 ಆಗಸ್ಟ್, ಮಧ್ಯಾಹ್ನ 2:44

ಆಗ ಬೇರೆ ದಾಖಲೆ ಜೋಡಿಸಬೇಕು ಅಕ್ಕ. ಅಪಾಯಿಂಟ್‌ಮೆಂಟ್ ಲೆಟರ್, ಇನ್‌ಕ್ರಿಮೆಂಟ್ ಲೆಟರ್‌ಗಳು, ಫಾರಂ 16, ಸಂಬಳ ಬಂದ ಬ್ಯಾಂಕ್ ಸ್ಟೇಟ್‌ಮೆಂಟ್, ಪಿಎಫ್ ಹಿಸ್ಟರಿ. ಇವೆಲ್ಲ ಅಲ್ಲಿ ಇದ್ದರು ಎಂದು ತೋರಿಸುತ್ತವೆ, ಏನು ಮಾಡಿದರು ಎಂದು ತೋರಿಸುವುದಿಲ್ಲ. ಅದಕ್ಕೆ ಮ್ಯಾನೇಜರ್ ಸ್ವಂತ ಹೆಸರಿನಲ್ಲಿ ಬರೆದ ಪತ್ರ ಬೇಕು, ಅವರು ಆಗ ಯಾವ ಹುದ್ದೆಯಲ್ಲಿದ್ದರು, ಹೇಗೆ ಪರಿಚಯ ಎಂದು ಬರೆದು. ಕಂಪನಿ ಪತ್ರದಷ್ಟು ತೂಕ ಅದಕ್ಕಿಲ್ಲ. ಒಪ್ಪಿದ್ದನ್ನೂ ನೋಡಿದ್ದೇನೆ, ಇನ್ನಷ್ಟು ದಾಖಲೆ ಕೇಳಿ ಮೂರು ತಿಂಗಳು ಎಳೆದದ್ದನ್ನೂ ನೋಡಿದ್ದೇನೆ.

ಹಾವೇರಿ ಮಂಜು · 19 ಆಗಸ್ಟ್, ರಾತ್ರಿ 7:48

ಅಪ್‌ಡೇಟ್. ಸುಮಾ ಮೇಡಂ ಹೇಳಿದ ಹಾಗೆ ಮೊದಲ ಮೇಲ್ ಹಾಕಿದೆ. ನಾಲ್ಕು ದಿನ ಸುದ್ದಿ ಇರಲಿಲ್ಲ. ಐದನೇ ದಿನ ಮ್ಯಾನೇಜರ್ "ಕರಡು ಸರಿ ಇದೆ" ಎಂದು ಎಲ್ಲರಿಗೂ ಉತ್ತರ ಹಾಕಿದರು. ಮರುದಿನ ಎಚ್‌ಆರ್ ಪತ್ರದ ಪಿಡಿಎಫ್ ಕಳಿಸಿತು! ಲೆಟರ್‌ಹೆಡ್, ಸಹಿ, ಸೀಲ್, ಕೆಲಸದ ವಿವರ ಎಲ್ಲ ಇದೆ. ಹುದ್ದೆಯ ವಾಕ್ಯವನ್ನೂ ಹಾಗೇ ಉಳಿಸಿದ್ದಾರೆ.

ಲೆಕ್ಕದ ಹಾಳೆ ಕೇಳಿದ ಮೇಲ್‌ಗೆ ಮಾತ್ರ "ಅಕೌಂಟ್ಸ್‌ನವರಿಗೆ ಕಳಿಸಿದ್ದೇವೆ" ಎಂದಷ್ಟೇ ಉತ್ತರ. 44,840ರ ಮಾತು ಮತ್ತೆ ಎತ್ತಿಲ್ಲ. ರಿಲೀವಿಂಗ್ ಲೆಟರ್ ಇನ್ನೂ ಇಲ್ಲ.

ಒಂದು ತಪ್ಪಾಗಿದೆ. ಪತ್ರದಲ್ಲಿ "ಮಂಜುನಾಥ ಬಿ. ಎಚ್." ಎಂದಿದೆ, ಆಫೀಸಿನಲ್ಲಿ ಹಾಗೇ ಇತ್ತು. ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು, ಮನೆತನದ ಹೆಸರು ಬಿಡಿಸಿ ಬರೆದಿದೆ. ಸುಮ್ನೆ ಬಿಡಲಾ, ವಾಪಸ್ ಕಳಿಸಲಾ? ಮತ್ತೆ ಕೇಳಿದರೆ ಸಿಟ್ಟಾಗುತ್ತಾರೇನೋ.

ಸುಮಾ, ಬಸವನಗುಡಿ · 19 ಆಗಸ್ಟ್, ರಾತ್ರಿ 8:10

ವಾಪಸ್ ಕಳಿಸಿ. ಸಿಟ್ಟಾಗುವುದಿಲ್ಲ, ಒಂದು ಪದ ತಿದ್ದಿ ಪ್ರಿಂಟ್ ಹಾಕುವುದು ಅಷ್ಟೇ. ಪೂರ್ತಿ ಹೆಸರು ಬರೆದು, "ಕಂಪನಿ ದಾಖಲೆಗಳಲ್ಲಿ ಮಂಜುನಾಥ ಬಿ. ಎಚ್." ಎಂದು ಪಕ್ಕದಲ್ಲೇ ಇರಲಿ. ಎರಡೂ ಹೆಸರು ಒಂದೇ ಹಾಳೆಯಲ್ಲಿ ಇದ್ದರೆ ಪೇ ಸ್ಲಿಪ್‌ಗಳಿಗೂ ಪಾಸ್‌ಪೋರ್ಟ್‌ಗೂ ಅದೇ ಸೇತುವೆ ಆಗುತ್ತದೆ. ಪಾಸ್‌ಪೋರ್ಟ್ ಮೊದಲ ಪುಟದ ಕಾಪಿ ಜೊತೆಗೆ ಕಳಿಸಿ.

ಮೂಲ ಪ್ರತಿಯನ್ನೂ ಕೇಳಿ, ಪಿಡಿಎಫ್ ಒಂದೇ ಬೇಡ.

ಲೈಪ್‌ಜಿಗ್ ಲೋಕೇಶ · 19 ಆಗಸ್ಟ್, ರಾತ್ರಿ 8:35

ಪಿಎಫ್‌ನ ಜುಲೈ 31 ಏನಾಯಿತು? ಪತ್ರದಲ್ಲಿ ಆಗಸ್ಟ್ 30 ಇದೆ ಅಲ್ವಾ.

ಹಾವೇರಿ ಮಂಜು · 19 ಆಗಸ್ಟ್, ರಾತ್ರಿ 8:52

ಅದು ಹಾಗೇ ಇದೆ ಅಣ್ಣ. ತಿದ್ದಿಸಬೇಕಾದರೆ ಕಂಪನಿಯ ಜೊತೆ ಜಾಯಿಂಟ್ ಡಿಕ್ಲರೇಷನ್ ಹಾಕಬೇಕಂತೆ. ಸಂಬಳದ ಲೆಕ್ಕ ಮುಗಿಯದೆ ಅವರು ಅದಕ್ಕೆ ಒಪ್ಪುತ್ತಾರಾ ಗೊತ್ತಿಲ್ಲ. ಜುಲೈ ಹಿಡಿದರೂ 39 ತಿಂಗಳು ಆಗುತ್ತದೆ, ಹಾಗಾಗಿ ಪಿಎಫ್ ಹಿಸ್ಟರಿ ಹಚ್ಚದೇ ಅರ್ಜಿ ಹಾಕೋಣ ಅಂದುಕೊಂಡಿದ್ದೇನೆ. ಸರಿನಾ?

ಲೈಪ್‌ಜಿಗ್ ಲೋಕೇಶ · 19 ಆಗಸ್ಟ್, ರಾತ್ರಿ 9:03

ಅವರು ಕೇಳದೆ ನಾನಂತೂ ಕೊಡುವುದಿಲ್ಲ. ಕೇಳಿದರೆ, ಆಗಸ್ಟ್‌ನ ರಾಜೀನಾಮೆ ಮೇಲ್, ಕೊನೆ ದಿನ ಲ್ಯಾಪ್‌ಟಾಪ್ ವಾಪಸ್ ಕೊಟ್ಟ ರಸೀದಿ ಇದ್ದರೆ ಜೊತೆಗೆ ಒಂದು ವಿವರಣೆ ಬರೆದು ಕೊಡಿ.

ಸುಮಾ, ಬಸವನಗುಡಿ · 19 ಆಗಸ್ಟ್, ರಾತ್ರಿ 9:20

ನನಗೆ ಇದು ಅಷ್ಟು ಸರಿ ಕಾಣುತ್ತಿಲ್ಲ ಲೋಕೇಶ್. ಅವರಾಗಿ ಕಂಡುಹಿಡಿಯುವುದಕ್ಕಿಂತ ನಾವೇ ಮೊದಲು ಹೇಳುವುದು ವಾಸಿ. ಒಂದು ಪ್ಯಾರಾ ವಿವರಣೆ ಕವರಿಂಗ್ ಲೆಟರ್‌ನಲ್ಲಿ ಹಾಕಿದರೆ ಏನು ನಷ್ಟ?

ಪೀಣ್ಯ ಪಾಟೀಲ · 20 ಆಗಸ್ಟ್, ಬೆಳಿಗ್ಗೆ 6:50

ಮಂಜು, ಲ್ಯಾಪ್‌ಟಾಪ್ ರಸೀದಿ ಇದೆಯಾ?

ಹಾವೇರಿ ಮಂಜು · 20 ಆಗಸ್ಟ್, ಬೆಳಿಗ್ಗೆ 9:31

ಇದೆ ಸರ್. ಸೆಕ್ಯುರಿಟಿ ಗೇಟ್ ಪಾಸ್, 30 ಆಗಸ್ಟ್, ಸಂಜೆ 6:10. ಅಪ್ಪನ ಆಸ್ಪತ್ರೆ ಫೈಲ್‌ನಲ್ಲಿ ಸಿಕ್ಕಿತು.